ಇರುವೆಗೆ ಫೌಲ್ ಕೊಟ್ಟ ತಾತ

ಒಬ್ಬೊಬ್ಬರನ್ನು ಭೂಮಿಗೆ ಕಳಿಸುವಾಗ ಭಗವಂತ ಕೈಗೊಂದು ಗಂಟು ಕೊಟ್ಟು ಕಳಿಸುತ್ತಾನೆ ಅಂದುಕೊಳ್ಳೋಣ. ಸೀಟಿ ಮೇಷ್ಟ್ರಿಗೆ ಸಿಕ್ಕ ಗಂಟು ಬಿಚ್ಚಿ ನೋಡಿದರೆ ಒಳಗಿದ್ದದ್ದು ಗಂಟಲು ಮಾತ್ರ. ಎಂಥ ಗಂಟಲು ಅಂತೀರಿ! ಮೂವತ್ತೆಂಟು ವರ್ಷ ಶಾಲೆಯ ಆಟದ ಮೇಷ್ಟ್ರಾಗಿ, ರಜೆ ಬಂದರೆ ವಾಲಿಬಾಲ್ ಪಂದ್ಯಗಳಿಗೆ ರೆಫರಿಯಾಗಿ, ಅವರು ಮೈದಾನದ ಈ ತುದಿಯಲ್ಲಿ ನಿಂತು "ಏಯ್!" ಎಂದರೆ ಆ ತುದಿಯಲ್ಲಿ ಓಡುತ್ತಿದ್ದವನಲ್ಲದೆ ಆಚೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವನೂ ಕಾಲೂರಿ ನಿಲ್ಲುತ್ತಿದ್ದ. ಆ ಗಂಟಲಿನ ಮೇಲೆ ಒಂದು ಸೀಟಿ ಬೇರೆ. ನಿವೃತ್ತರಾಗಿ ಆರು ವರ್ಷವಾದರೂ ಹೆಸರು ಬಿಟ್ಟು ಎಲ್ಲರೂ ಸೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಇಂಥವರಿಗೆ ಅದೇ ಭಗವಂತ ಎಂಥ ಮೊಮ್ಮಗಳನ್ನು ಕೊಟ್ಟ ನೋಡಿ. ಆರು ವರ್ಷದ ಆ ಹುಡುಗಿಗೆ ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಇಲ್ಲಿ ಎದೆ ಧಸಕ್ಕೆನ್ನುತ್ತಿತ್ತು. ಟ್ಯೂಬ್‌ಲೈಟು ಸ್ವಲ್ಪ ಮಿಣಮಿಣ ಎಂದರೆ ಸಾಕು, ಕಣ್ಣು ಬಿಗಿಯಾಗಿ ಮುಚ್ಚಿ ಊಟದ ಮೇಜಿನ ಕೆಳಗೆ ತೂರಿಬಿಡುತ್ತಿದ್ದಳು. ತೂರುವ ವೇಗ ಕಂಡು ಮನೆಯಲ್ಲಿ ಅವಳಿಗೆ ಅಳಿಲು ಎಂದು ಹೆಸರಾಗಿತ್ತು. ಮೇಷ್ಟ್ರು ಬೇರೆ ಊರಿನಲ್ಲಿ ಮಗನ ಮನೆಯಲ್ಲಿ ಇದ್ದವರು. ಮೊಮ್ಮಗಳನ್ನು ಇದುವರೆಗೆ ನೋಡಿದ್ದು ಐದಾರು ಸಲ. ಅದರಲ್ಲೂ ನೋಡಿದ್ದು ಅವಳ ಬೆನ್ನು ಮಾತ್ರ. ಇವರು "ಬಂದೇ ಕಂದಾ!" ಎಂದು ಹೊಸ್ತಿಲು ದಾಟುವ ಮೊದಲೇ ಅಳಿಲು ಮಾಯ.

ಈಗ ಮಗಳೇ ಫೋನ್ ಮಾಡಿ ಕರೆಸಿಕೊಂಡಿದ್ದಳು. ಅವಳು ಔಷಧಿ ಕೊಡುವ ಕೆಲಸ ಕಲಿತವಳು. ಮಗುವಿಗಾಗಿ ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟಿದ್ದಳು. ಈಗ ಹತ್ತಿರದ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಮಧ್ಯಾಹ್ನ ಒಂದರಿಂದ ಆರರವರೆಗೆ ಜಾಗ ಸಿಕ್ಕಿತ್ತು. ಅಳಿಲಿನ ಶಾಲೆ ಹನ್ನೆರಡಕ್ಕೆ ಬಿಡುತ್ತದೆ. ಅಳಿಯ ಮನೆ ಸೇರುವುದು ಏಳಕ್ಕೆ. ಶಿಶುವಿಹಾರದ ಗಲಾಟೆಯಲ್ಲಿ ಒಂದು ದಿನ ಬಿಟ್ಟು ನೋಡಿದ್ದಕ್ಕೆ ಮಗು ಮೂರು ದಿನ ಮಾತಾಡಿರಲಿಲ್ಲ.

"ಅಪ್ಪಾ, ಹತ್ತು ದಿನ ಇದೆ," ಎಂದಳು ಮಗಳು, ಅಪ್ಪ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ, ಪಿಸುಮಾತಿನಲ್ಲಿ. "ಸೋಮವಾರ ಬಿಟ್ಟು ಮುಂದಿನ ಸೋಮವಾರ ಕೆಲಸಕ್ಕೆ ಸೇರ್ಬೇಕು. ಅಷ್ಟರಲ್ಲಿ ಅವಳು ನಿನ್ನ ಜೊತೆ ಇರೋ ಹಾಗಾದ್ರೆ ಸರಿ. ಇಲ್ದಿದ್ರೆ ಭಾನುವಾರವೇ ಆಗಲ್ಲ ಅಂತ ಹೇಳಿಬಿಡ್ತೀನಿ."

"ಅಷ್ಟೇ ತಾನೆ!" ಎಂದರು ಮೇಷ್ಟ್ರು. ಅವರ ಮಟ್ಟಿಗೆ ಅದು ಮೆಲ್ಲಗೆ ಹೇಳಿದ ಮಾತು. ಒಳಗೆ ಮೇಜಿನ ಕೆಳಗೆ ಏನೋ ಸರಕ್ಕೆಂದಿತು.

"ಅಪ್ಪಾ," ಎಂದಳು ಮಗಳು ತುಟಿಯ ಮೇಲೆ ಬೆರಳಿಟ್ಟು.

"ಎಂತೆಂಥಾ ಪುಂಡರನ್ನ ಸಾಲಲ್ಲಿ ನಿಲ್ಸಿದೀನಮ್ಮಾ. ಒಂದು ಮಗು ಆಡಿಸೋಕೆ ಹತ್ತು ದಿನ ಯಾಕೆ?"

ಹಾಗಂದುಕೊಂಡೇ ಅವರು ಚೀಲದಿಂದ ಉಡುಗೊರೆ ತೆಗೆದರು. ಅದೊಂದು ಪ್ಲಾಸ್ಟಿಕ್ ಮೊಲ. ಅಂಗಡಿಯವನು "ಇದನ್ನ ನೋಡಿ ನಗದೇ ಇರೋ ಮಗು ಇಲ್ಲ ಸಾರ್" ಎಂದು ಕೊಟ್ಟಿದ್ದ. ಗುಂಡಿ ಒತ್ತಿ ನೆಲಕ್ಕೆ ಬಿಟ್ಟರು. ಮೊಲದ ಎರಡು ಕಿವಿಯೂ ಕೆಂಪು, ನೀಲಿ, ಹಸಿರು ಎಂದು ಪಟಪಟನೆ ಮಿಂಚಿದವು. ಹೊಟ್ಟೆಯೊಳಗಿಂದ ತಮಟೆಯಂಥ ಸದ್ದು ಬಂತು. ಬಂದು ಸುಮ್ಮನಾಗಲಿಲ್ಲ, ಮೊಲ ಗಿರಗಿರನೆ ತಿರುಗುತ್ತ, ಹಾಡುತ್ತ, ಅಳಿಲು ಕೂತಿದ್ದ ಮೇಜನ್ನೇ ಗುರಿ ಮಾಡಿಕೊಂಡು ಹೊರಟಿತು. ಮೇಷ್ಟ್ರು ಹಿಂದೆ ಓಡಿದರು. ಗುಂಡಿ ಎಲ್ಲಿದೆ? ಹೊಟ್ಟೆಯಲ್ಲಿ. ಹೊಟ್ಟೆ ಹಿಡಿದು ತಿರುವಿದರೆ ಅಂಗಾತ ಮಲಗಿಯೂ ಅದು ಕಾಲು ಬಡಿಯುತ್ತ ಹಾಡುತ್ತಿತ್ತು. ಕೊನೆಗೆ ಹೆಗಲ ಮೇಲಿದ್ದ ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ಬಚ್ಚಲಿಗೆ ಓಡಿದರು. ಬಚ್ಚಲಿನಲ್ಲಿ ಅದು ಇನ್ನೂ ಜೋರಾಗಿ ಮೊಳಗಿತು.

ಅಳಿಲು ಆ ದಿನ ಎರಡು ಗಂಟೆ ಕಿವಿ ಮುಚ್ಚಿಕೊಂಡೇ ಕೂತಿದ್ದಳು. ಮಗಳು ಅಪ್ಪನಿಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಮರುದಿನ ಮೇಷ್ಟ್ರು ಜಾಣತನ ಮಾಡಿದರು. ಸದ್ದು ತಾನೆ ತೊಂದರೆ? ಸದ್ದೇ ಇಲ್ಲದ ಆಟ ಕೊಡೋಣ ಎಂದು ಅಳಿಯನ ಟ್ಯಾಬ್ಲೆಟ್ಟಿನಲ್ಲಿ ಹಣ್ಣು ಜೋಡಿಸುವ ಆಟವೊಂದನ್ನು ಹಾಕಿ, ಸದ್ದನ್ನು ಪೂರ್ತಿ ಇಳಿಸಿ, ಮೇಜಿನ ಕೆಳಗೆ ಮೆಲ್ಲಗೆ ತಳ್ಳಿದರು. ಒಂದು ಪುಟ್ಟ ಬೆರಳು ಬಂದು ಮುಟ್ಟಿತು. ಸೇಬಿನ ಪಕ್ಕ ಸೇಬು ಇಟ್ಟಿತು. ಮೇಷ್ಟ್ರು ಉಸಿರು ಬಿಗಿಹಿಡಿದರು. ಮೂರನೆಯ ಸೇಬು ಸೇರಿದ್ದೇ ತಡ, ಪರದೆಯ ತುಂಬ ನಕ್ಷತ್ರಗಳು ಸಿಡಿದವು, ನಾಣ್ಯಗಳು ಸುರಿದವು, ಎಲ್ಲಿಂದಲೋ ಒಂದು ಕರಡಿ ಬಂದು ಬಣ್ಣಬಣ್ಣವಾಗಿ ಕುಣಿಯಿತು. ಪುಟ್ಟ ಕೈ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಟ್ಯಾಬ್ಲೆಟ್ಟು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ, ಅಳಿಯನ ಪ್ಯಾಂಟಿನ ಕೆಳಗೆ, ಹೂತುಹೋಗಿತ್ತು.

"ಗೆದ್ದಳಲ್ಲಮ್ಮಾ, ಗೆದ್ದಿದ್ದಕ್ಕೆ ತಾನೆ ಕರಡಿ ಕುಣಿದಿದ್ದು!" ಎಂದರು ಮೇಷ್ಟ್ರು ಕಂಗಾಲಾಗಿ.

"ಅವಳಿಗೆ ಅದು ಶಿಕ್ಷೆ ಅಪ್ಪಾ. ಗೆದ್ದವರ ಮುಖಕ್ಕೆ ಯಾರಾದ್ರೂ ಟಾರ್ಚ್ ಹೊಡೀತಾರಾ?" ಎಂದಳು ಮಗಳು ಬುಟ್ಟಿಯಿಂದ ಟ್ಯಾಬ್ಲೆಟ್ ತೆಗೆಯುತ್ತ. ಆಮೇಲೆ ಅಪ್ಪನ ಮುಖ ನೋಡಿ, "ಸೋಮವಾರ ಆಟದಕ್ಕನ ಹತ್ರ ನೀನೂ ಬಾ," ಎಂದಳು.

ಆಟದಕ್ಕ ಎಂದರೆ ಮಕ್ಕಳ ಥೆರಪಿಸ್ಟು. ವಾರಕ್ಕೊಮ್ಮೆ ಅಳಿಲನ್ನು ಅವರ ಬಳಿ ಕರೆದೊಯ್ಯುತ್ತಿದ್ದರು. ಆ ಹೆಸರಿಟ್ಟವಳೂ ಅಳಿಲೇ. ಅವರ ಕೋಣೆಗೆ ಕಾಲಿಟ್ಟಾಗ ಮೇಷ್ಟ್ರಿಗೆ ಗರ್ಭಗುಡಿಯ ನೆನಪಾಯಿತು. ಗೋಡೆಗೆ ಒಂದೂ ಚಿತ್ರವಿಲ್ಲ; ತಿಳಿ ಮಣ್ಣಿನ ಬಣ್ಣ. ಮೂಲೆಯಲ್ಲಿ ಅಲುಗಾಡದೆ ಉರಿಯುವ ಹಳದಿ ದೀಪ. ಕಿಟಕಿಗೆ ದಪ್ಪ ಪರದೆ. ಆಟದ ಸಾಮಾನೆಲ್ಲ ಮುಚ್ಚಿದ ಬೀರುವಿನಲ್ಲಿ. ಹೊರಗಿದ್ದದ್ದು ಒಂದು ಬಟ್ಟೆಯ ಜೋಲಿ ಮತ್ತು ಅಕ್ಕಿ ತುಂಬಿದ ತೊಟ್ಟಿ. ಅಳಿಲು ಹೋದವಳೇ ಜೋಲಿಯೊಳಗೆ ಸುತ್ತಿಕೊಂಡು ಮಲಗಿ ಮೆಲ್ಲನೆ ತೂಗಿಕೊಳ್ಳತೊಡಗಿದಳು.

ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು. "ಮೇಡಂ, ಒಂದು ಸಂಶಯ. ದಿನಾ ಸ್ವಲ್ಪ ಸ್ವಲ್ಪ ಸದ್ದು ಮಾಡ್ತಾ ಇದ್ರೆ ರೂಢಿ ಆಗಲ್ವಾ? ನಮ್ಮ ಹುಡುಗ್ರು ಮೊದಲ ದಿನ ಸೀಟಿಗೆ ಬೆಚ್ಚಿಬೀಳ್ತಿದ್ರು, ಆಮೇಲೆ ಸರಿಹೋಗ್ತಿದ್ರು."

"ಬೇಡ ಮೇಷ್ಟ್ರೇ. ಬಲವಂತವಾಗಿ ಕೇಳಿಸಿದ್ರೆ ರೂಢಿ ಆಗಲ್ಲ, ಭಯ ಜಾಸ್ತಿ ಆಗುತ್ತೆ. ನಮ್ಮ ನಿಮ್ಮ ತಲೆ ಬಾಗಿಲಲ್ಲಿ ಒಬ್ಬ ಕಾವಲುಗಾರ ಇದಾನೆ ಅಂದ್ಕೊಳ್ಳಿ. ಬೇಕಾದ ಸದ್ದನ್ನ ಒಳಗೆ ಬಿಡ್ತಾನೆ, ಬೇಡದ್ದನ್ನ ಹೊರಗೇ ನಿಲ್ಲಿಸ್ತಾನೆ. ಅವಳ ಕಾವಲುಗಾರ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡ್ತಾನೆ. ಅದು ಹಠ ಅಲ್ಲ, ಮುದ್ದು ಜಾಸ್ತಿಯಾಗಿ ಬಂದಿದ್ದೂ ಅಲ್ಲ."

"ಆದ್ರೆ ಅವಳೇ ತಟ್ಟೆ ಬಡೀತಾಳಲ್ಲ? ನಿನ್ನೆ ಸ್ನಾನದ ಚೊಂಬು ಹಿಡ್ಕೊಂಡು ಠಣಠಣ ಅಂತ ಬಾರಿಸ್ತಿದ್ಳು. ನನ್ನ ಕಿವಿಯೇ ಗುಂಯ್ ಅಂತು!"

ಆಟದಕ್ಕ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯಿತು. "ಒಳ್ಳೇ ಪ್ರಶ್ನೆ. ಅವಳು ಬಾರಿಸೋ ಸದ್ದು ಯಾವಾಗ ಬರುತ್ತೆ, ಎಷ್ಟು ಬರುತ್ತೆ, ಯಾವಾಗ ನಿಲ್ಲುತ್ತೆ ಅಂತ ಅವಳಿಗೆ ಗೊತ್ತು. ನಿಮ್ಮ ಸದ್ದು ಯಾವಾಗ ಬಂದು ಮೇಲೆ ಬೀಳುತ್ತೋ ಗೊತ್ತಿಲ್ಲ. ಮೇಷ್ಟ್ರೇ, ಮೈದಾನದಲ್ಲಿ ಆಟ ಶುರು ಮಾಡೋದು, ನಿಲ್ಲಿಸೋದು ಯಾರು?"

"ನಾನು."

"ಇನ್ಮೇಲೆ ಅವಳು."

ಮೂವತ್ತೆಂಟು ವರ್ಷದ ಅಧಿಕಾರ ಒಂದೇ ಮಾತಿನಲ್ಲಿ ಕೈಬಿಟ್ಟುಹೋದಂತಾಗಿ ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು.

ಆಟದಕ್ಕ ಇನ್ನೂ ಕೆಲವು ಮಾತು ಹೇಳಿದರು. ಎದುರಿಗೆ ಒಂದು ಸಲಕ್ಕೆ ಒಂದೇ ಆಟ. ಕೆಳಗೆ ಚಿತ್ರವಿಲ್ಲದ ಬಟ್ಟೆ. ಮುಂದೆ ಏನು ಬರುತ್ತದೆ ಎಂದು ಮೊದಲೇ ತೋರಿಸಬೇಕು. ಗಂಟೆ ಬಾರಿಸುವ ಗಡಿಯಾರದ ಬದಲು ಮರಳಿಳಿಯುವ ಗಾಜಿನ ಬುರುಡೆ ಇಟ್ಟರೆ, ಹೊತ್ತು ಮುಗಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಕಚಗುಳಿ ಇಡಬಾರದು; ಬೇಕೆಂದು ಅವಳೇ ಕೇಳಿದರೆ ಗಟ್ಟಿಯಾಗಿ ಒತ್ತಿ ಹಿಡಿಯಬಹುದು. ಭಾರ ಹೊರುವುದು, ದಿಂಬು ತಳ್ಳುವುದು ಅವಳ ಮೈಗೆ ಸಮಾಧಾನ. ಕಿವಿ ಮುಚ್ಚುವ ದಪ್ಪ ಸಾಧನ, ಅಳಿಲಿನ ಭಾಷೆಯಲ್ಲಿ ಕಿವಿಟೋಪಿ, ಬೇಕಾದಾಗ ಅವಳೇ ಹಾಕಿಕೊಳ್ಳಲಿ. ಇಡೀ ದಿನ ಬೇಡ.

"ಎಲ್ಲಕ್ಕಿಂತ ಮೊದಲು," ಎಂದರು ಆಟದಕ್ಕ, "ಎರಡು ದಿನ ಅವಳನ್ನ ಆಟಕ್ಕೆ ಕರೀಬೇಡಿ. ನೆಲದ ಮೇಲೆ ಕೂತ್ಕೊಂಡು ನಿಮ್ಮ ಪಾಡಿಗೆ ಏನಾದ್ರೂ ಮಾಡ್ತಿರಿ. ಅವಳ ಕಡೆ ನೋಡ್ಲೂಬೇಡಿ."

"ಸುಮ್ನೆ ಕೂರೋದಾ?"

"ಸುಮ್ನೆ ಕೂರೋದು."

"ಅದೇ ಕಷ್ಟ," ಎಂದರು ಮೇಷ್ಟ್ರು ಪ್ರಾಮಾಣಿಕವಾಗಿ.

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು ಬಾಲ್ಕನಿಯ ಬಾಗಿಲ ಬಳಿ ನೆಲದ ಮೇಲೆ ಕಾಲು ಚಾಚಿ ಕೂತರು. ಅಳಿಲು ಮೇಜಿನ ಕೆಳಗೆ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮೇಷ್ಟ್ರು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಂಡರು. ನೂರೆಂಟು ಮುಗಿಯಿತು. ಗಡಿಯಾರ ನೋಡಿದರೆ ಆರೇ ನಿಮಿಷ ಕಳೆದಿತ್ತು. ಜಪಕ್ಕೂ ಅವರು ಮೈದಾನದ ವೇಗ ಹಚ್ಚಿದ್ದರು.

ಅಷ್ಟರಲ್ಲಿ ಹೊಸ್ತಿಲ ಮೇಲೆ ಎರಡು ಇರುವೆಗಳು ಒಂದು ಸಕ್ಕರೆ ಹರಳಿಗಾಗಿ ಜಗ್ಗಾಡುತ್ತಿರುವುದು ಕಂಡಿತು. ಒಂದು ಈಚೆಗೆ ಎಳೆದರೆ ಇನ್ನೊಂದು ಆಚೆಗೆ. ನಡುವೆ ಎರಡು ಕಲ್ಲು ಕೂಡಿದ ಗೆರೆ, ಥೇಟ್ ಅಂಕಣದ ನಡುಗೆರೆಯ ಹಾಗೆ. ರೆಫರಿಯ ರಕ್ತ ಸುಮ್ಮನಿದ್ದೀತೆ? ಬಾಯಿಗೆ ಬೀಗ ಬಿದ್ದಿದ್ದರಿಂದ ಕೈ ತಾನಾಗಿ ಎದ್ದಿತು. ಹರಳು ಹೊಸ್ತಿಲ ಅಂಚು ದಾಟಿದಾಗ ಎರಡೂ ಮುಂಗೈಗಳನ್ನು ನೆಟ್ಟಗೆ ಎತ್ತಿ ಅಂಗೈಗಳನ್ನು ತಮ್ಮತ್ತ ತಿರುಗಿಸಿದರು: ಔಟ್. ದೊಡ್ಡ ಇರುವೆಯ ಕಡೆಗೆ ತೋಳು ಚಾಚಿದರು: ಪಾಯಿಂಟ್ ಆ ಕಡೆಗೆ. ಅದು ಹರಳನ್ನು ಕಚ್ಚಿ ಮೇಲೆತ್ತಿ ನಡೆದಾಗ, ಅಂಗೈ ಮೇಲೆ ಮಾಡಿ ಮುಂಗೈಯನ್ನು ನಿಧಾನವಾಗಿ ಎತ್ತಿದರು: ಚೆಂಡು ಹಿಡಿದುಕೊಂಡಿದೆ, ಫೌಲ್. ಮುಖದಲ್ಲಿ ಅಂತಿಮ ಪಂದ್ಯದ ಗಾಂಭೀರ್ಯ.

ಐದು ನಿಮಿಷದಲ್ಲಿ ಬೆನ್ನ ಹಿಂದೆ ಉಸಿರಾಟ ಕೇಳಿಸಿತು. ಮೇಷ್ಟ್ರು ತಿರುಗಲಿಲ್ಲ. ಇನ್ನೊಮ್ಮೆ ಮುಂಗೈ ಎತ್ತಿದರು.

"ಅದೇನು?" ಎಂದಿತು ಒಂದು ಸಣ್ಣ ದನಿ.

ಮೇಷ್ಟ್ರು ಇರುವೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಫೌಲ್," ಎಂದರು ಉಸಿರಿನಲ್ಲೇ. "ಚೆಂಡು ಕೈಯಲ್ಲಿ ಹಿಡ್ಕೊಂಡಿದೆ. ಹಾಗೆ ಮಾಡಬಾರ್ದು."

"ಇರುವೆಗೆ ಕೈಯೇ ಇಲ್ಲ."

ಮೇಷ್ಟ್ರು ಯೋಚಿಸಿದರು. ಇಷ್ಟು ವರ್ಷದಲ್ಲಿ ಅವರ ತೀರ್ಪನ್ನು ಇಷ್ಟು ನ್ಯಾಯವಾಗಿ ಯಾರೂ ಪ್ರಶ್ನಿಸಿರಲಿಲ್ಲ. "ಬಾಯಲ್ಲಿ ಹಿಡ್ಕೊಂಡಿದೆಯಲ್ಲ?"

"ಬಾಯಲ್ಲಿ ಹಿಡಿದ್ರೆ ಫೌಲ್ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ," ಎಂದು ಒಪ್ಪಿಕೊಂಡರು ಮೇಷ್ಟ್ರು. "ಫೌಲ್ ವಾಪಸ್."

ಅಳಿಲು ತೃಪ್ತಿಯಿಂದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಒಂದು ಮೊಳ ದೂರ. ಮೇಷ್ಟ್ರು ಆ ಮೊಳವನ್ನು ಕಡಿಮೆ ಮಾಡಲು ಹೋಗಲಿಲ್ಲ.

ಆ ದಿನದಿಂದ ಕೈಗಳ ಭಾಷೆಯ ಪಾಠ ಶುರುವಾಯಿತು. ಎರಡು ಬೆರಳೆತ್ತಿದರೆ ಒಬ್ಬನೇ ಎರಡು ಸಲ ಮುಟ್ಟಿದ ಎಂದು. ಒಂದು ಕೈ ನೆಟ್ಟಗಿಟ್ಟು ಅದರ ಬೆರಳ ತುದಿಗೆ ಇನ್ನೊಂದು ಅಂಗೈಯನ್ನು ಚಪ್ಪರದಂತೆ ಹೊದಿಸಿದರೆ ಆಟಕ್ಕೆ ತಡೆ. ಈ ತಡೆಯ ಸನ್ನೆ ಅಳಿಲಿಗೆ ಬಲು ಪ್ರಿಯವಾಯಿತು. ಬುಧವಾರ ಬೆಳಗ್ಗೆ ಅಮ್ಮ ಹಲ್ಲುಜ್ಜಿಸುವಾಗ ಮಾಡಿದಳು. ತಲೆ ಬಾಚುವಾಗ ಮಾಡಿದಳು. ಊಟದ ನಡುವೆ ಮೂರು ಸಲ ಮಾಡಿದಳು.

"ಏನಪ್ಪಾ ಇದು ಹೇಳ್ಕೊಟ್ಟಿರೋದು? ಒಂದು ಜಡೆ ಹಾಕೋಕೆ ಅರ್ಧ ಗಂಟೆ!" ಎಂದು ಮಗಳು ದೂರಿದಳು. ದೂರುವಾಗ ಅವಳ ಕಣ್ಣು ನಗುತ್ತಿತ್ತು.

"ನಿಯಮ ನಿಯಮ," ಎಂದರು ಮೇಷ್ಟ್ರು ಪಿಸುಮಾತಿನಲ್ಲಿ. "ತಡೆ ಕೇಳಿದ್ರೆ ಕೊಡ್ಲೇಬೇಕು."

ಮೇಷ್ಟ್ರು ಆಟಗಳನ್ನು ಕಟ್ಟತೊಡಗಿದರು. ಅಕ್ಕಿಯ ಡಬ್ಬಿಯಲ್ಲಿ ಕೀಲಿಕೈ, ಗುಂಡಿ, ಬಟ್ಟೆಕ್ಲಿಪ್ಪು ಹೂತಿಟ್ಟು, ಕಣ್ಣಲ್ಲಿ ನೋಡದೆ ಬೆರಳಲ್ಲೇ ಗುರುತಿಸುವುದು. ಇದರಲ್ಲಿ ಅಳಿಲು ತಾತನಿಗೆ ಮಣ್ಣು ಮುಕ್ಕಿಸಿದಳು. ಮೂರು ದಿಂಬು ಹೊತ್ತು ಕೋಣೆ ದಾಟುವ ಕೂಲಿ ಆಟ. ಇದರಲ್ಲಿ ತಾತನ ಮಂಡಿ ಕೈಕೊಟ್ಟಿತು. ಎಲ್ಲಕ್ಕಿಂತ ದೊಡ್ಡದು ಕಾಲುಚೀಲದ ವಾಲಿಬಾಲ್. ನೆಲದ ಮೇಲೆ ಬೂದು ಬಣ್ಣದ ಒಂದೇ ಹಾಸು. ನಡುವೆ ಸುರುಳಿ ಸುತ್ತಿದ ಟವೆಲೇ ಬಲೆ. ಉಂಡೆ ಮಾಡಿದ ಕಾಲುಚೀಲವನ್ನು ಅಂಗೈಯಿಂದ ತಳ್ಳಿ ಆಚೆ ದಾಟಿಸಬೇಕು. ಐದು ಪಾಯಿಂಟಿಗೆ ಸೆಟ್. ಮರಳಿನ ಬುರುಡೆ ಎರಡು ಸಲ ಖಾಲಿಯಾದರೆ ಆಟ ಬಂದ್. ಶುರು ಎನ್ನುವುದೂ ಅಳಿಲೇ, ನಿಲ್ಲಿಸುವುದೂ ಅಳಿಲೇ. ಫೋನಿನ ಗಂಟೆ ಬಾರದಂತೆ ಮೇಷ್ಟ್ರು ಅದನ್ನು ಕಪಾಟಿನೊಳಗೆ ಬಟ್ಟೆಗಳ ನಡುವೆ ಮಲಗಿಸಿದರು.

ಶುಕ್ರವಾರ ಇಬ್ಬರೇ ಇರುತ್ತಾರೋ ನೋಡೋಣವೆಂದು ಮಗಳು ಒಂದು ಗಂಟೆ ಹೊರಗೆ ಹೋಗಿ ಬಂದಳು. ಹಿಂತಿರುಗಿದಾಗ ತಾತನೂ ಮೊಮ್ಮಗಳೂ ಹಾಸಿನ ಎರಡು ತುದಿಯಲ್ಲಿ ಬೋರಲು ಮಲಗಿ, ಕಾಲುಚೀಲ ಗೆರೆ ಮುಟ್ಟಿತ್ತೋ ಇಲ್ಲವೋ ಎಂದು ಪಿಸುಪಿಸು ಜಗಳವಾಡುತ್ತಿದ್ದರು. ಅವಳು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಮವಾರ ಉಡಲು ಸೀರೆ ತೆಗೆದಿಟ್ಟಳು.

ಶನಿವಾರ ಎಲ್ಲ ಎಡವಟ್ಟಾಯಿತು.

ನಾಲ್ಕು-ನಾಲ್ಕು. ಕೊನೆಯ ಪಾಯಿಂಟು. ಅಳಿಲು ನಾಲಿಗೆ ಕಚ್ಚಿಕೊಂಡು ಕಾಲುಚೀಲ ತಳ್ಳಿದಳು. ಅದು ಉರುಳಿತು, ಟವೆಲಿನ ಬೆನ್ನೇರಿತು, ಅಲ್ಲಿ ನಿಂತಿತು, ಬೀಳಲೋ ಬೇಡವೋ ಎಂದು ಒಂದು ಗಳಿಗೆ ತೂಗಿತು, ಆಮೇಲೆ ಮೆಲ್ಲನೆ ತಾತನ ಅಂಗಳಕ್ಕೆ ಜಾರಿತು. ಇಂಥ ಪಾಯಿಂಟನ್ನು ರೆಫರಿ ಬದುಕಿನಲ್ಲಿ ನಾಲ್ಕು ಸಲ ಕಂಡಾನು. ಮೇಷ್ಟ್ರು ತಾವೆಲ್ಲಿದ್ದೇವೆ ಎನ್ನುವುದನ್ನೇ ಮರೆತರು. ನೆಲಕ್ಕೆ ಅಂಗೈ ಬಡಿದು, ಮೈದಾನದ ಗಂಟಲು ತೆರೆದು, "ಪಾ...ಯಿಂಟ್!" ಎಂದು ಗರ್ಜಿಸಿದರು.

ಕಿಟಕಿಯ ಗಾಜು ಅದುರಿತು. ಕೆಳಮನೆಯವರು ಹೊರಬಂದು ಮೇಲೆ ನೋಡಿದರು. ಹಾಸಿನ ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

ಮೇಜಿನ ಕೆಳಗಿಂದ ಬಂದದ್ದು ಅಳುವಲ್ಲ. ಒಂದೇ ಸಮನೆ ಮುಲುಗು. ಮೇಷ್ಟ್ರು ಹತ್ತಿರ ಹೋಗಲು ಎದ್ದವರು, ಆಟದಕ್ಕನ ಮಾತು ನೆನಪಾಗಿ ಅಲ್ಲೇ ಕೂತರು. ಮಗಳು ಬಂದು, ಅಳಿಲು ಕೇಳಿದ ಮೇಲೆ, ಕಂಬಳಿ ಹೊದಿಸಿ ಗಟ್ಟಿಯಾಗಿ ಅವುಚಿ ಹಿಡಿದಳು. ಬಹಳ ಹೊತ್ತಿನ ಮೇಲೆ ಅಪ್ಪನ ಬಳಿ ಬಂದಳು.

"ನಾನು ದಡ್ಡ," ಎಂದರು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು. "ಮುದಿ ದಡ್ಡ."

"ಹೋಗ್ಲಿ ಬಿಡಪ್ಪಾ. ಸಂತೋಷಕ್ಕೆ ಕೂಗಿದ್ದು ತಾನೆ. ನಾಳೆ ಆಸ್ಪತ್ರೆಗೆ ಫೋನ್ ಮಾಡಿ ಆಗಲ್ಲ ಅಂತ ಹೇಳ್ತೀನಿ. ಈ ಕೆಲಸ ಹೋದ್ರೆ ಇನ್ನೊಂದು." ಇನ್ನೊಂದು ಅಷ್ಟು ಸುಲಭವಾಗಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಮೇಷ್ಟ್ರು ಸ್ನಾನ ಮಾಡಿ ದೇವರ ಮುಂದೆ ನಿಂತರು. ಏನು ಬೇಡಿಕೊಳ್ಳಬೇಕೋ ತೋಚಲಿಲ್ಲ. ಗಂಟಲು ಕಿತ್ತುಕೋ ಎನ್ನಲೆ? ಅದೂ ಅವನೇ ಕೊಟ್ಟದ್ದು. ಸುಮ್ಮನೆ ಕೈಮುಗಿದು ಬಂದರು.

ಅಳಿಲು ಅವರನ್ನು ಕಂಡು ಮೇಜಿನ ಕೆಳಗೆ ಸರಿದಳು. ಮೇಷ್ಟ್ರು ದೂರದಲ್ಲೇ, ಅವಳಿಗೆ ಕಾಣುವಂತೆ ನಿಂತರು. ಅಂಗಿಯ ಜೇಬಿನಿಂದ ಪಂದ್ಯದ ಹಳೆಯ ಕಾರ್ಡುಗಳನ್ನು ತೆಗೆದರು. ಹಳದಿ ಮತ್ತು ಕೆಂಪು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತಮ್ಮ ಎದೆಯನ್ನೇ ತೋರಿಸಿಕೊಂಡರು. ಆಮೇಲೆ ತಲೆತಗ್ಗಿಸಿ ಬಾಲ್ಕನಿಗೆ ನಡೆದು, ಬಕೆಟ್ ಬೋರಲು ಹಾಕಿ, ಗೋಡೆಗೆ ಮುಖ ಮಾಡಿ ಕೂತರು.

ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮೇಷ್ಟ್ರು ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಬರಿಗಾಲಿನ ಹೆಜ್ಜೆ ಬಾಗಿಲವರೆಗೆ ಬಂದು ನಿಂತಿತು.

"ತಾತಾ, ಎರಡೂ ಕಾರ್ಡು ಒಟ್ಟಿಗೆ ಅಂದ್ರೇನು?"

"ಆ ಸೆಟ್ ಮುಗಿಯೋವರೆಗೂ ಹೊರಗೆ," ಎಂದರು ಮೇಷ್ಟ್ರು ಗೋಡೆಗೆ.

"ಯಾರು ಹಾಕಿದ್ದು?"

"ರೆಫರಿ."

"ರೆಫರಿ ನೀನೇ ಅಲ್ವಾ?"

"ಹೂಂ. ತಪ್ಪು ಮಾಡಿದ್ದೂ ನಾನೇ, ನೋಡಿದ್ದೂ ನಾನೇ. ನಿಂಗೆ ಹೇಳ್ದೆ ಕೂಗಿದೆ. ಅದು ತಪ್ಪು."

"ನಾನೂ ನೋಡ್ದೆ," ಎಂದಳು ಅಳಿಲು. ಸ್ವಲ್ಪ ತಡೆದು, "ಕಿವಿಯಲ್ಲಿ ನೋಡ್ದೆ. ಹೊಟ್ಟೆವರೆಗೂ ಬಂತು," ಎಂದಳು.

ಮೇಷ್ಟ್ರು ಗೋಡೆಯತ್ತಲೇ ತಲೆಯಾಡಿಸಿದರು.

ಅಳಿಲು ಒಳಗೆ ಹೋದಳು. ಹಾಸು ಎಳೆಯುವ ಸದ್ದು, ಟವೆಲು ಸುತ್ತುವ ಸದ್ದು. "ತಾತ ಹೊರಗಿರೋ ಸೆಟ್ಟು ಆಡ್ತಿದೀನಿ," ಎಂದು ಒಳಗಿನಿಂದ ಸಾರಿದಳು. ಸೆಟ್ ಮುಗಿಯದೆ ಶಿಕ್ಷೆ ಮುಗಿಯದಲ್ಲ! ಈ ಕಡೆಯೂ ಅವಳೇ, ಆ ಕಡೆಯೂ ಅವಳೇ. ಮೇಷ್ಟ್ರು ಓರೆಗಣ್ಣಿನಲ್ಲಿ ನೋಡಿದರು. ಕಾಲುಚೀಲ ಒಂದು ಗೇಣು ಹೊರಗೆ ಬಿತ್ತು. ಅಳಿಲು ಗಂಭೀರವಾಗಿ ಒಳಗೆ ಎಂದು ನೆಲ ತೋರಿಸಿದಳು. ಔಟ್ ಕೊಡಲು ಎದ್ದ ಕೈಯನ್ನು ಮೇಷ್ಟ್ರು ಅರ್ಧದಲ್ಲೇ ಇಳಿಸಿದರು. ಇನ್ನೊಂದು ಸಲ ಅವಳು ಕಾಲುಚೀಲವನ್ನು ಕೈಯಲ್ಲೇ ಎತ್ತಿ ಆಚೆಗಿಟ್ಟಳು. ಮೇಷ್ಟ್ರು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡರು. ರೆಫರಿಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾವ ಪುಸ್ತಕದಲ್ಲೂ ಬರೆದಿರಲಾರದು.

ಅಡುಗೆಮನೆಯ ಬಾಗಿಲಲ್ಲಿ ಮಗಳು ಫೋನ್ ಹಿಡಿದು ನಿಂತಿದ್ದಳು. ಆಸ್ಪತ್ರೆಯ ನಂಬರು ತೆರೆದಿತ್ತು. ಹೆಬ್ಬೆರಳು ಮಾತ್ರ ಇನ್ನೂ ಒತ್ತಿರಲಿಲ್ಲ.

"ಐದು-ಸೊನ್ನೆ. ಸೆಟ್ ಮುಗೀತು," ಎಂದಳು ಅಳಿಲು. ಮತ್ತೆ ಬಾಗಿಲಿಗೆ ಬಂದಳು. "ಒಳಗೆ ಬಾ. ಆದ್ರೆ ಒಂದು ನಿಯಮ ಸೇರಿಸ್ತೀನಿ."

"ಹೇಳಿ, ರೆಫರಿ ಮೇಡಂ."

"ಗೆದ್ರೆ ಕೂಗೋ ಹಾಗಿಲ್ಲ. ಕೈ ಕೊಡು." ಮೇಷ್ಟ್ರು ಅಂಗೈ ಚಾಚಿದರು. ಅಳಿಲು ತನ್ನೆರಡೂ ಅಂಗೈಗಳ ನಡುವೆ ಅದನ್ನಿಟ್ಟು, ಹಲ್ಲು ಕಚ್ಚಿ, ಮೈಯ ಬಲವೆಲ್ಲ ಹಾಕಿ ಒತ್ತಿದಳು. "ಗೆದ್ರೆ ಹೀಗೆ. ಜೋರಾಗಿ ಗೆದ್ರೆ ಜೋರಾಗಿ."

ಆರು ವರ್ಷದಲ್ಲಿ ಅವಳು ತಾನಾಗಿ ತಾತನನ್ನು ಮುಟ್ಟಿದ್ದು ಅದೇ ಮೊದಲು. ಮೇಷ್ಟ್ರ ಕಣ್ಣು ಮಂಜಾಯಿತು. ಮೆಲ್ಲನೆ, ಆಮೇಲೆ ಸ್ವಲ್ಪ ಜೋರಾಗಿ, ತಿರುಗಿ ಒತ್ತಿದರು.

"ಸಾಕು, ಅಷ್ಟೊಂದು ಏನೂ ಗೆದ್ದಿಲ್ಲ ನೀನು," ಎಂದಳು ಅಳಿಲು.

ಮಗಳು ಫೋನನ್ನು ಅಲ್ಲೇ ಕಿಟಕಿಯ ಮೇಲಿಟ್ಟು ತರಕಾರಿ ಹೆಚ್ಚಲು ಹೋದಳು.

ಸೋಮವಾರ ಹನ್ನೆರಡೂ ಮುಕ್ಕಾಲು. ಮಗಳು ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿ ಬಾಗಿಲಲ್ಲಿ ನಿಂತಿದ್ದಳು. ಹೋಗುತ್ತೇನೆ ಎಂದು ಬೆಳಗ್ಗೆಯಿಂದ ನಾಲ್ಕು ಸಲ ಹೇಳಿಯಾಗಿತ್ತು. ಮರಳಿನ ಬುರುಡೆ ಎಷ್ಟು ಸಲ ತಿರುಗಿಸಿದರೆ ಅಮ್ಮ ಬರುತ್ತಾಳೆ ಎಂದು ಗೋಡೆಗೆ ಗೆರೆ ಎಳೆದು ತೋರಿಸಿಯೂ ಆಗಿತ್ತು. ಆದರೂ ಕಾಲು ಏಳದು. ಒಳಗೆ ಆಟ ಎರಡು-ಒಂದಕ್ಕೆ ಬಂದಿತ್ತು. ಇವತ್ತು ಅಂಕಣ ದೊಡ್ಡದು. ಸೀಮೆಸುಣ್ಣದಲ್ಲಿ ಬಾಗಿಲವರೆಗೂ ಗೆರೆ ಎಳೆದಿದ್ದರು.

ಆಗ ಕೆಳಗೆ ರಸ್ತೆಯಲ್ಲಿ ಯಾರೋ ಅಂಗಡಿಯ ಕಬ್ಬಿಣದ ಬಾಗಿಲನ್ನು ದಢಾರನೆ ಎಳೆದರು.

ಮೂವರೂ ಕಲ್ಲಾದರು. ಅಳಿಲಿನ ಕೈ ಕಿವಿಗೆ ಹೋಯಿತು, ಮುಖ ಬಿಳಚಿತು. ಮಗಳು ಚೀಲ ಜಾರಿಸಿ ಒಳಗೆ ನುಗ್ಗಲು ಒಂದು ಹೆಜ್ಜೆ ಇಟ್ಟಳು. ಮೇಷ್ಟ್ರು ಕೂತಲ್ಲಿಂದಲೇ ಅವಳಿಗೆ ಅಂಗೈ ತೋರಿಸಿದರು: ತಾಳು. ಮನಸ್ಸಿನಲ್ಲೇ ಬೇಡಿಕೊಂಡರು. ಭಗವಂತಾ, ಒಂದು ನಿಮಿಷ, ಒಂದೇ ನಿಮಿಷ.

ಅಳಿಲು ಕಿವಿಯಿಂದ ಕೈ ತೆಗೆದಳು. ಒಂದು ಕೈಯನ್ನು ನೆಟ್ಟಗೆ ಮಾಡಿದಳು. ಅದರ ಬೆರಳ ತುದಿಗೆ ಇನ್ನೊಂದು ಅಂಗೈ ಹೊದಿಸಿದಳು. ತಡೆ.

ಮೇಷ್ಟ್ರು ತಕ್ಷಣ ತಲೆಬಾಗಿ ಒಪ್ಪಿದರು. ಅಳಿಲು ಎದ್ದು, ಮೊಳೆಗೆ ನೇತುಹಾಕಿದ್ದ ಕಿವಿಟೋಪಿ ತೆಗೆದು ಹಾಕಿಕೊಂಡು, ಬಂದು ತಾತನ ಬೆನ್ನಿಗೆ ತನ್ನ ಬೆನ್ನು ಒತ್ತಿ ಕೂತಳು. ಗಟ್ಟಿಯಾಗಿ ಒತ್ತಿದಳು. ತಾತ ಗೋಡೆಯ ಹಾಗೆ ಕೂತರು. ಎಷ್ಟು ಹೊತ್ತೋ. ಮಗಳು ಗಡಿಯಾರ ನೋಡಲಿಲ್ಲ.

ಆಮೇಲೆ ಅಳಿಲು ತನ್ನ ತುದಿಗೆ ಮರಳಿ, ಕಾಲುಚೀಲ ಕೈಗೆತ್ತಿಕೊಂಡು, ಶುರು ಎಂದು ಕೈ ಬೀಸಲು ಹೊರಟವಳು ತಟ್ಟನೆ ನಿಂತಳು. ಹುಬ್ಬು ಗಂಟಿಕ್ಕಿ ಬಾಗಿಲ ಕಡೆ ನೋಡಿದಳು.

"ಅಮ್ಮಾ, ಗೆರೆ ಮೇಲೆ ನಿಂತಿದೀಯ," ಎಂದಳು. "ಆಟ ಆಡ್ದೆ ಇರೋರು ಆಚೆ ಹೋಗ್ಬೇಕು."

ಮಗಳು ಅಪ್ಪನ ಮುಖ ನೋಡಿದಳು. ಮೇಷ್ಟ್ರು ಎರಡೂ ಮುಂಗೈಗಳನ್ನು ನೆಟ್ಟಗೆ ಎತ್ತಿ, ಅಂಗೈಗಳನ್ನು ತಮ್ಮತ್ತ ತಿರುಗಿಸಿ, ಅತ್ಯಂತ ಗಂಭೀರವಾಗಿ ತೀರ್ಪು ಕೊಟ್ಟರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತ, ಗೆರೆಯಿಂದ ಆಚೆಗೆ ಕಾಲಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮೆಟ್ಟಿಲಿಳಿದಳು.